ಲಿಫ್ಟಿನ ಹಣದಲ್ಲಿ ಗೋಡೆ ಕಟ್ಟಿದೆವು: ಸಿಂಕಿಂಗ್ ಫಂಡ್ ಮತ್ತು ಮೀಸಲು ನಿಧಿ ಬೇರೆ ಬೇರೆ ಇಡುವುದು ಹೇಗೆ

ಶಿವಮೊಗ್ಗದ ನಮ್ಮ ಇಪ್ಪತ್ನಾಲ್ಕು ಮನೆಗಳ ಅಪಾರ್ಟ್‌ಮೆಂಟಿನ ವಾರ್ಷಿಕ ಮಹಾಸಭೆಯಲ್ಲಿ ಖಜಾಂಚಿಯಾಗಿ ನಾನು ಆಡಿದ ಮಾತು ಇದು. ಬೇರೆ ಅಪಾರ್ಟ್‌ಮೆಂಟುಗಳ ಒಂದಿಬ್ಬರು ಖಜಾಂಚಿಗಳು ಬರೆದು ಕೊಡಿ ಎಂದು ಕೇಳಿದ್ದರಿಂದ, ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿ ಬರೆದಿದ್ದೇನೆ.

ಸದಸ್ಯರೆಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ಪುಷ್ಯ ಮಳೆಯಲ್ಲಿ ನಮ್ಮ ಹಿಂಬದಿಯ ಕಾಂಪೌಂಡ್ ಗೋಡೆ ಬಿದ್ದದ್ದು ನಿಮಗೆಲ್ಲ ನೆನಪಿದೆ. ಬೆಳಗಿನ ಜಾವ ಸದ್ದಾಯಿತು. ಟಾರ್ಚ್ ಹಿಡಿದು ಇಳಿದಾಗ ಎರಡು ಸ್ಕೂಟರ್ ಕೆಂಪು ಕೆಸರಿನೊಳಗೆ ಮಲಗಿದ್ದವು, ನಂದಿಬಟ್ಟಲು ಗಿಡದ ತುದಿ ಮಾತ್ರ ಕಾಣುತ್ತಿತ್ತು. ಗೋಡೆಯ ಬುಡದಲ್ಲಿ ನೀರು ಹೋಗಲು ಬಿಟ್ಟಿದ್ದ ತೂತುಗಳಿಂದ ಕೆಸರು ಬರುತ್ತದೆ ಎಂದು ಹಿಂದೆ ಯಾರೋ ಸಿಮೆಂಟ್ ಬಳಿದು ಮುಚ್ಚಿಸಿದ್ದರು. ಗೋಡೆಯ ಹಿಂದಿನ ಮಣ್ಣು ನೀರು ಕುಡಿದು ಕುಡಿದು ಭಾರವಾಗಿ ಒತ್ತಿತು. ಆ ಗೋಡೆ ಕಟ್ಟಲು 3,60,000 ರೂಪಾಯಿ ಆಯಿತು. ಆಗ ನಮ್ಮ ಆಸ್ತಿ-ಜವಾಬ್ದಾರಿ ತಖ್ತೆಯಲ್ಲಿ ‘ನಿಧಿ’ ಎಂಬ ಒಂದೇ ತಲೆಬರಹದ ಕೆಳಗೆ 8 ಲಕ್ಷ ಇತ್ತು. ಹಣ ಇದೆಯಲ್ಲ, ತೆಗೆಯಿರಿ ಎಂದರು, ತೆಗೆದೆವು. ನಾನೂ ಕೈ ಎತ್ತಿದವನೇ.

ಕಳೆದ ತಿಂಗಳು ಹಳೆಯ ರಸೀದಿ ಪುಸ್ತಕಗಳನ್ನು ತೆಗೆದು ಕುಳಿತಾಗ ತಿಳಿಯಿತು: ಆ 8 ಲಕ್ಷ ಬಹುಪಾಲು ಲಿಫ್ಟ್ ಬದಲಿಸಲೆಂದು ನಿಮ್ಮಿಂದ ತಿಂಗಳು ತಿಂಗಳೂ ಪಡೆದದ್ದು. ಅಂದರೆ ಲಿಫ್ಟಿನ ಹಣದಲ್ಲಿ ನಾವು ಗೋಡೆ ಕಟ್ಟಿದ್ದೆವು. ಕಳ್ಳತನವೇನೂ ಆಗಿಲ್ಲ, ಪ್ರತಿ ರೂಪಾಯಿಗೂ ಲೆಕ್ಕವಿದೆ. ಆದರೆ ಒಂದೇ ಡಬ್ಬಿಯಲ್ಲಿ ಇಟ್ಟಿದ್ದರಿಂದ ಯಾರ ಹಣ ಯಾರಿಗೆ ಹೋಯಿತೆಂದು ಆವತ್ತು ಯಾರಿಗೂ ಕಾಣಲಿಲ್ಲ.

ಹಂಚಿನ ಮನೆಯ ಲೆಕ್ಕ

ನಾನು ತೀರ್ಥಹಳ್ಳಿ ಕಡೆಯವನು, ಹಂಚಿನ ಮನೆಯಲ್ಲಿ ಬೆಳೆದವನು. ನಮ್ಮ ಮನೆಯಲ್ಲಿ ಪ್ರತಿ ವರ್ಷ ಮಳೆಗೆ ಮುಂಚೆ ಹಂಚು ಕೈಯಾಡಿಸುತ್ತಿದ್ದರು. ಒಡೆದದ್ದನ್ನು ತೆಗೆದು ಹೊಸದು ಹೊದಿಸಿ, ಕಸ ಗುಡಿಸಿ ಇಳಿಯುತ್ತಿದ್ದರು. ಅದು ವರ್ಷದ ಖರ್ಚು. ನಾವು ಇಲ್ಲಿ ಮೇಂಟೆನೆನ್ಸ್ ಎಂದು ಕೊಡುವುದು ಅದಕ್ಕೆ ಸಮ.

ಹಂಚಿನ ಕೆಳಗಿನ ರೀಪು ಪಕಾಸಿ ಹಾಗಲ್ಲ. ಅವು ಇಪ್ಪತ್ತೋ ಮೂವತ್ತೋ ವರ್ಷ ಬರುತ್ತವೆ, ಒಂದು ದಿನ ಗೆದ್ದಲು ಹಿಡಿದೇ ಹಿಡಿಯುತ್ತದೆ. ಯಾವಾಗ ಎಂಬುದು ಅಂದಾಜಿಗೆ ಗೊತ್ತು, ಎಷ್ಟು ಎಂಬುದೂ ಅಂದಾಜಿಗೆ ಗೊತ್ತು. ಅಡಿಕೆ ಮಾರಿದ ಹಣದಲ್ಲಿ ಅದಕ್ಕೆಂದು ವರ್ಷವೂ ಸ್ವಲ್ಪ ಎತ್ತಿಟ್ಟವನ ಮನೆಯ ಮಾಡು ಮಾತ್ರ ನೆಟ್ಟಗಿರುತ್ತಿತ್ತು. ಸಿಂಕಿಂಗ್ ಫಂಡ್ ಎಂದರೆ ಇದು: ಸವೆದು ಮುಗಿಯುವುದು ಖಚಿತವಾಗಿರುವ ವಸ್ತುವನ್ನು ಬದಲಿಸಲು, ಅದು ಸವೆಯುತ್ತಿರುವಾಗಲೇ ಕೂಡಿಸುವ ಹಣ.

ಇನ್ನು ಗಾಳಿಮಳೆಗೆ ಹಲಸಿನ ಮರ ಮಾಡಿನ ಮೇಲೆ ಬಿದ್ದರೆ? ಅದು ಯಾವ ವರ್ಷ, ಎಷ್ಟು ಖರ್ಚು ಎಂದು ಯಾವ ಪಂಚಾಂಗವೂ ಹೇಳುವುದಿಲ್ಲ. ಅದಕ್ಕೆ ಇರುವುದು ಮೀಸಲು ನಿಧಿ. ಸಹಕಾರ ಸಂಘಗಳ ವರದಿಯಲ್ಲಿ ಇದನ್ನು ಆಪದ್ಧನ ಎಂದೂ ಬರೆಯುತ್ತಾರೆ. ಮೂವತ್ತು ವರ್ಷ ಅಂಥ ಸಂಘವೊಂದರಲ್ಲಿ ಲೆಕ್ಕ ಬರೆದ ನನಗೆ ಆ ಹೆಸರೇ ಹೆಚ್ಚು ಇಷ್ಟ.

ಎರಡರ ನಡುವಿನ ನಿಜವಾದ ವ್ಯತ್ಯಾಸ ತಿಳಿಯುವುದು ಹಣ ಖಾಲಿಯಾದಾಗ. ಲಿಫ್ಟ್ ಬದಲಾದ ದಿನ ಸಿಂಕಿಂಗ್ ಫಂಡ್ ಬರಿದಾದರೆ ಅದು ತನ್ನ ಕೆಲಸ ಮಾಡಿದೆ ಎಂದರ್ಥ. ಮೀಸಲು ನಿಧಿ ಬರಿದಾದರೆ ಅಪಾಯ, ಮರುದಿನದಿಂದಲೇ ತುಂಬಬೇಕು. ಒಂದು ಆಗಾಗ ಖಾಲಿಯಾಗಲೆಂದೇ ಇರುವ ಡಬ್ಬಿ, ಇನ್ನೊಂದು ಎಂದೂ ಖಾಲಿಯಾಗಬಾರದ ಡಬ್ಬಿ. ಎರಡನ್ನೂ ಒಂದರಲ್ಲಿ ಸುರಿದರೆ ಮೊತ್ತ ಏರಿದರೂ ಇಳಿದರೂ ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ಬರುವುದಿಲ್ಲ.

ಸಿಂಕಿಂಗ್ ಎಂದರೆ ಮುಳುಗುವುದು, ಅಪಶಕುನದ ಹೆಸರು ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಹೆಸರು ಇಂಗ್ಲೆಂಡಿನದು, ಮುಳುಗಿಸಬೇಕಾಗಿದ್ದದ್ದು ಸಾಲವನ್ನು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಸರ್ಕಾರ ರಾಷ್ಟ್ರೀಯ ಸಾಲ ತೀರಿಸಲು ಇಂಥ ನಿಧಿ ಮಾಡಿತು. 1733ರಲ್ಲಿ ಅದನ್ನು ನೋಡಿಕೊಳ್ಳಬೇಕಾಗಿದ್ದ ವಾಲ್ಪೋಲ್ ಎಂಬ ಮಂತ್ರಿಯೇ ಜಮೀನಿನ ತೆರಿಗೆ ಏರಿಸುವುದನ್ನು ತಪ್ಪಿಸಲು ಆ ನಿಧಿಗೆ ಕೈ ಹಾಕಿದ. ನಾವು ಗೋಡೆಗೆ ಮಾಡಿದ್ದೂ ಅದನ್ನೇ, ನಿಮ್ಮಿಂದ ಹೆಚ್ಚುವರಿ ವಸೂಲಿ ಕೇಳುವ ಮುಜುಗರ ತಪ್ಪಿಸಿಕೊಂಡೆವು.

ಮೊದಲ ಹೆಜ್ಜೆ: ಸವೆಯುವುದರ ಪಟ್ಟಿ

ಈಗ ಲೆಕ್ಕಕ್ಕೆ ಬರೋಣ. ಮೊದಲು ಕಟ್ಟಡದಲ್ಲಿ ಸವೆಯುವ ದೊಡ್ಡ ವಸ್ತುಗಳನ್ನು ಬರೆಯಬೇಕು. ಟ್ಯೂಬ್‌ಲೈಟು, ನಲ್ಲಿ, ಗೇಟಿನ ಬೀಗ ಇದರಲ್ಲಿ ಬರಬಾರದು, ಅವು ಮೇಂಟೆನೆನ್ಸ್. ವರ್ಷಕ್ಕೊಮ್ಮೆಯಲ್ಲ, ಹಲವು ವರ್ಷಕ್ಕೊಮ್ಮೆ ಬರುವ ದೊಡ್ಡ ಖರ್ಚು ಮಾತ್ರ ಇಲ್ಲಿ. ನಮ್ಮಲ್ಲಿ ಮೂರೇ ಮೂರು ಹಿಡಿದಿದ್ದೇನೆ.

ಲಿಫ್ಟ್ ಬದಲಿಸಲು ಇಂದಿನ ದರದಲ್ಲಿ ನಮಗೆ ಬಂದ ಕೊಟೇಶನ್ 12 ಲಕ್ಷ. ಆಯುಷ್ಯ 20 ವರ್ಷ ಎಂದಿಟ್ಟುಕೊಂಡರೆ 13 ಮುಗಿದಿದೆ, 7 ಉಳಿದಿದೆ. ಟೆರೇಸಿನ ಸೋರಿಕೆ ತಡೆಯುವ ಲೇಪನ 3,20,000, ಆಯುಷ್ಯ 8 ವರ್ಷ, 4 ಉಳಿದಿದೆ. ಹೊರಗಿನ ಬಣ್ಣ 4,80,000, ಆಯುಷ್ಯ 6 ವರ್ಷ, ಅದಕ್ಕೂ 4 ಉಳಿದಿದೆ. ಬಣ್ಣದ ಡಬ್ಬಿಯ ಮೇಲೆ ಇದಕ್ಕಿಂತ ಹೆಚ್ಚು ವರ್ಷ ಬರೆದಿರುತ್ತದೆ. ನಮ್ಮ ಪಡುವಣ ಗೋಡೆಯನ್ನು ಒಮ್ಮೆ ನೋಡಿ ಬನ್ನಿ. ಮುಂಗಾರಿನ ಗಾಳಿಮಳೆ ನೇರ ಬಡಿಯುವುದು ಅಲ್ಲಿಗೇ, ಎರಡನೇ ಮಳೆಗಾಲಕ್ಕೇ ಕಪ್ಪು ಪಾಚಿ ಹಿಡಿದಿದೆ. ಆಯುಷ್ಯವನ್ನು ನಮ್ಮ ಮಳೆ ನೋಡಿ ಬರೆಯಬೇಕು, ಡಬ್ಬಿ ನೋಡಿ ಅಲ್ಲ.

ಬೆಲೆ ಏರುವುದಿಲ್ಲವೇ ಎಂದು ಎರಡನೇ ಮಹಡಿಯ ಮೇಷ್ಟ್ರು ಕೇಳುತ್ತಿದ್ದಾರೆ. ಏರುತ್ತದೆ ಮೇಷ್ಟ್ರೇ. ಆದರೆ ನಮ್ಮ ಠೇವಣಿಗೂ ಬಡ್ಡಿ ಬರುತ್ತದೆ. ತೆರಿಗೆ ಕಳೆದ ಬಡ್ಡಿ ಹೆಚ್ಚೂಕಡಿಮೆ ಬೆಲೆ ಏರಿಕೆಯನ್ನು ಮುಟ್ಟುತ್ತದೆ ಎಂದು ಹಿಡಿದು, ಇಂದಿನ ಬೆಲೆಯಲ್ಲೇ ಲೆಕ್ಕ ಹಾಕುತ್ತೇನೆ. ಇದು ಅಂದಾಜು, ಲಿಫ್ಟಿನ ಬೆಲೆ ಬಡ್ಡಿಗಿಂತ ಬೇಗ ಏರಿದರೆ ತಪ್ಪಾಗುತ್ತದೆ. ಅದಕ್ಕೇ ಪ್ರತಿ ವರ್ಷ ಹೊಸ ಕೊಟೇಶನ್ ತರಿಸಿ, ಉಳಿದ ವರ್ಷಗಳಿಗೆ ಮತ್ತೆ ಹಂಚಬೇಕು. ಒಮ್ಮೆ ಹಾಕಿ ಹತ್ತು ವರ್ಷ ಮರೆಯುವ ಲೆಕ್ಕ ಇದಲ್ಲ.

ಎರಡನೆಯದು: ತಿಂಗಳಿಗೆ ಎಷ್ಟು

ಪ್ರತಿ ವಸ್ತುವಿನ ಬೆಲೆಯನ್ನು ಅದರ ಆಯುಷ್ಯದಿಂದ ಭಾಗಿಸಿ. ಲಿಫ್ಟಿಗೆ ವರ್ಷಕ್ಕೆ 60,000, ಟೆರೇಸಿಗೆ 40,000, ಬಣ್ಣಕ್ಕೆ 80,000. ಒಟ್ಟು 1,80,000. ಇಪ್ಪತ್ನಾಲ್ಕು ಮನೆಗೆ ಹಂಚಿದರೆ ಮನೆಗೆ ತಿಂಗಳಿಗೆ 625 ರೂಪಾಯಿ. ಮೊದಲ ದಿನದಿಂದ ಇಷ್ಟು ಕೊಟ್ಟುಕೊಂಡು ಬಂದಿದ್ದರೆ ಇವತ್ತು ಖಾತೆಯಲ್ಲಿ ಎಷ್ಟಿರಬೇಕಿತ್ತು? ಲಿಫ್ಟಿನ 13 ವರ್ಷದ ಪಾಲು 7,80,000, ಟೆರೇಸಿನ 4 ವರ್ಷದ್ದು 1,60,000, ಬಣ್ಣದ 2 ವರ್ಷದ್ದು 1,60,000. ಸೇರಿಸಿದರೆ 11 ಲಕ್ಷ. ಇರುವುದು 4,40,000, ಅಂದರೆ ನೂರಕ್ಕೆ ನಲವತ್ತು. ಗೋಡೆಗೆ ಹೋದದ್ದು ಬಿಟ್ಟರೆ ಉಳಿದ ಕೊರತೆ ನಾವು ಮೊದಲಿನಿಂದಲೂ ಕಡಿಮೆ ಕೂಡಿಸಿದ್ದಕ್ಕೆ ಆದದ್ದು.

ಹೆದರಬೇಕಿಲ್ಲ, ಕೊರತೆಯನ್ನೆಲ್ಲ ಒಂದೇ ವರ್ಷದಲ್ಲಿ ತುಂಬಬೇಕಾಗಿಲ್ಲ. ಯಾವ ವರ್ಷ ಎಷ್ಟು ಹೊರಗೆ ಹೋಗುತ್ತದೆ ಎಂದು ನೋಡಿದರೆ ಸಾಕು. ನಾಲ್ಕನೇ ವರ್ಷ ಟೆರೇಸು ಮತ್ತು ಬಣ್ಣಕ್ಕೆ 8 ಲಕ್ಷ, ಏಳನೇ ವರ್ಷ ಲಿಫ್ಟಿಗೆ 12 ಲಕ್ಷ. 625ರಂತೆಯೇ ಹೋದರೆ ಏಳನೇ ವರ್ಷ ಸರಿಯಾಗಿ 3 ಲಕ್ಷ ಕಡಿಮೆ ಬೀಳುತ್ತದೆ. ಆ 3 ಲಕ್ಷವನ್ನು ಏಳು ವರ್ಷಕ್ಕೆ ಹಂಚಿದರೆ ಮನೆಗೆ ತಿಂಗಳಿಗೆ 150 ಹೆಚ್ಚು. ಹಾಗಾಗಿ ನಾನು ಕೇಳುತ್ತಿರುವುದು 775. ನಾಲ್ಕನೇ ವರ್ಷದ ಕೆಲಸ ಮುಗಿದ ಮೇಲೆ ಖಾತೆಯಲ್ಲಿ ಸುಮಾರು 5,33,000 ಉಳಿಯುತ್ತದೆ, ಲಿಫ್ಟ್ ಬದಲಾದ ದಿನ ಎರಡು ಸಾವಿರ ಚಿಲ್ಲರೆ. ಆವತ್ತಿನ ಖಜಾಂಚಿಯನ್ನು ದಯವಿಟ್ಟು ಬೈಯಬೇಡಿ.

ಇಲ್ಲಿ ಎರಡು ಮಾತು. ನಮ್ಮ ಮನೆಗಳೆಲ್ಲ ಒಂದೇ ಅಳತೆಯವು, ಆದ್ದರಿಂದ ಸಮನಾಗಿ ಹಂಚಿದೆ. ಅಳತೆ ಬೇರೆ ಬೇರೆ ಇರುವ ಕಡೆ, ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ, 1972ರ ಅಡಿ ಬರುವ ಸಂಘವಾದರೆ, ಸಾಮಾನ್ಯ ಖರ್ಚನ್ನು ಅವಿಭಜಿತ ಪಾಲಿನ ಪ್ರಮಾಣದಲ್ಲಿ ಹಂಚಬೇಕು. ನೆಲಮಹಡಿಯ ರಾಯರು ‘ನಾನು ಲಿಫ್ಟ್ ಹತ್ತುವುದೇ ಇಲ್ಲ’ ಎನ್ನುತ್ತಾರೆ, ನಿಜ. ಆದರೆ ಸಾಮಾನ್ಯ ಸೌಲಭ್ಯವನ್ನು ಬಳಸುವುದಿಲ್ಲ ಎಂಬ ಕಾರಣಕ್ಕೆ ಪಾಲು ಕೊಡುವುದರಿಂದ ಬಿಡುಗಡೆ ಇಲ್ಲ. ಟೆರೇಸಿನ ಸೋರಿಕೆಯೂ ರಾಯರ ಮನೆಗೆ ಇಳಿಯುವುದಿಲ್ಲ, ಹಿಂಬದಿಯ ಗೋಡೆ ಬಿದ್ದಾಗ ಕೆಸರು ನುಗ್ಗಿದ್ದು ಮಾತ್ರ ಅವರ ಅಡುಗೆಮನೆಗೇ.

ಮೊಬೈಲಿನಲ್ಲಿ ‘ನಿರ್ಮಾಣ ವೆಚ್ಚದ 0.25 ಶೇಕಡಾ ಸಾಕು’ ಎಂಬ ಸಂದೇಶ ಓಡಾಡುತ್ತಿದೆ. ಅದು ಮಹಾರಾಷ್ಟ್ರದ ವಸತಿ ಸಹಕಾರ ಸಂಘಗಳ ಮಾದರಿ ಉಪವಿಧಿಯಲ್ಲಿರುವುದು, ಅಲ್ಲೂ ಅದು ಕನಿಷ್ಠ ಮಿತಿ. ಒಂದು ಮನೆಯ ನಿರ್ಮಾಣ ವೆಚ್ಚ 15 ಲಕ್ಷ ಎಂದು ಹಿಡಿದರೂ ನಮ್ಮ ಇಡೀ ಕಟ್ಟಡಕ್ಕೆ ವರ್ಷಕ್ಕೆ 90,000 ಬರುತ್ತದೆ, ನಮಗೆ ಬೇಕಾದ್ದರಲ್ಲಿ ಅರ್ಧ. ಕಟ್ಟಿದಾಗಿನ ವೆಚ್ಚ ಅಲ್ಲಿಗೇ ನಿಂತಿರುತ್ತದೆ, ಲಿಫ್ಟಿನ ಬೆಲೆ ನಿಲ್ಲುವುದಿಲ್ಲ.

ಮೂರನೆಯದು: ಮೀಸಲಿನ ಮಟ್ಟ

ಮೀಸಲು ನಿಧಿಗೆ ಆಯುಷ್ಯದ ಲೆಕ್ಕ ನಡೆಯುವುದಿಲ್ಲ. ಮಟ್ಟವೊಂದನ್ನು ಗೊತ್ತು ಮಾಡಿಕೊಂಡು ಅಲ್ಲಿಯವರೆಗೆ ತುಂಬಿ ನಿಲ್ಲಿಸಬೇಕು. ನಾನು ಎರಡು ಪ್ರಶ್ನೆ ಕೇಳಿಕೊಂಡೆ. ಮೂರು ತಿಂಗಳು ಯಾರೂ ಮೇಂಟೆನೆನ್ಸ್ ಕೊಡದಿದ್ದರೂ ಕಾವಲುಗಾರನ ಸಂಬಳ, ಕರೆಂಟ್ ಬಿಲ್ಲು ನಡೆಯಬೇಕಾದರೆ ಎಷ್ಟು ಬೇಕು? ಮನೆಗೆ 1,800ರಂತೆ 1,29,600. ನಾವು ಕಂಡ ಅತಿ ಕೆಟ್ಟ ಆಪತ್ತು ಮತ್ತೆ ಬಂದರೆ ಎಷ್ಟು? ಗೋಡೆಯ 3,60,000. ಕೂಡಿಸಿ ದುಂಡಗೆ ಮಾಡಿದರೆ 5 ಲಕ್ಷ. ಈಗ ನಮ್ಮಲ್ಲಿರುವುದು 80,000.

ಇದಕ್ಕೆ ಹಣ ಬರುವ ದಾರಿಯೂ ಬೇರೆ: ಹೊಸ ಸದಸ್ಯರ ಪ್ರವೇಶ ಶುಲ್ಕ, ತಡವಾಗಿ ಕೊಟ್ಟವರ ಬಡ್ಡಿ, ವರ್ಷದ ಕೊನೆಯ ಉಳಿಕೆ. ಇವೆಲ್ಲ ಸೇರಿ ವರ್ಷಕ್ಕೆ ನಲವತ್ತು ಸಾವಿರ ಆಗಬಹುದು. ಜೊತೆಗೆ ಮನೆಗೆ ತಿಂಗಳಿಗೆ 200 ಕೊಟ್ಟರೆ ನಾಲ್ಕು ವರ್ಷ ಚಿಲ್ಲರೆಯಲ್ಲಿ 5 ಲಕ್ಷ ಮುಟ್ಟುತ್ತದೆ. ಮುಟ್ಟಿದ ತಿಂಗಳೇ ಆ 200 ನಿಲ್ಲುತ್ತದೆ, ಖರ್ಚಾದರೆ ಮತ್ತೆ ಶುರುವಾಗುತ್ತದೆ. 775 ಮಾತ್ರ ನಿಲ್ಲುವುದಿಲ್ಲ, ಯಾಕೆಂದರೆ ಸವೆತ ನಿಲ್ಲುವುದಿಲ್ಲ.

ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಅಡಿ ನೋಂದಣಿಯಾದ ವಸತಿ ಸಂಘವಾದರೆ ಇಷ್ಟು ಸ್ವಾತಂತ್ರ್ಯ ಇಲ್ಲ. ಅಲ್ಲಿ 57ನೇ ಕಲಮಿನ ಪ್ರಕಾರ ನಿವ್ವಳ ಲಾಭದ ಕನಿಷ್ಠ 25 ಶೇಕಡಾ ಮೀಸಲು ನಿಧಿಗೆ ಹೋಗಲೇಬೇಕು, ಮಹಾಸಭೆ ಕೈ ಎತ್ತಿ ಅದನ್ನು ಕಡಿಮೆ ಮಾಡಲಾಗದು. ಸಿಂಕಿಂಗ್ ಫಂಡಿಗೆ ಸಂಗ್ರಹಿಸಿದ್ದನ್ನು ಆ ಮೀಸಲಿನೊಳಗೆ ಬೆರೆಸಿದರೆ ಹೊರತೆಗೆಯುವುದು ದೊಡ್ಡ ತಲೆನೋವು. ನಮ್ಮದು 1972ರ ಕಾಯ್ದೆಯ ಸಂಘ, ನಮಗೆ ನಮ್ಮ ಉಪವಿಧಿಯೇ ಕಟ್ಟಳೆ. ನಿಮ್ಮ ನೋಂದಣಿ ಪತ್ರವನ್ನು ಮೊದಲು ನೋಡಿಕೊಳ್ಳಿ.

ನಾಲ್ಕನೆಯದು: ಬೇರೆ ಎಂದರೆ ಎಲ್ಲೆಲ್ಲಿ ಬೇರೆ

ಪುಸ್ತಕದಲ್ಲಿ ಎರಡು ಹೆಸರು ಬರೆದರೆ ಬೇರೆ ಮಾಡಿದಂತಾಗುವುದಿಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಹೆಚ್ಚಿನ ಸಂಘಗಳು ಎಡವುವುದು ಇಲ್ಲಿಯೇ.

ಆಸ್ತಿ-ಜವಾಬ್ದಾರಿ ತಖ್ತೆಯಲ್ಲಿ ಜವಾಬ್ದಾರಿ ಬದಿಗೆ ‘ಸಿಂಕಿಂಗ್ ಫಂಡ್ 4,40,000’ ಎಂದಿದ್ದರೆ ಅದು ಹಣವಲ್ಲ. ಇಷ್ಟು ಹಣ ಇರಬೇಕು ಎಂಬ ಮಾತು, ಅಷ್ಟೆ. ಹಣ ಇರುವುದು ಎದುರು ಬದಿಯಲ್ಲಿ, ಠೇವಣಿ ಮತ್ತು ಬ್ಯಾಂಕ್ ಖಾತೆಯ ಶಿಲ್ಕಿನಲ್ಲಿ. ಆದ್ದರಿಂದ ಎಡಗಡೆಯ ಪ್ರತಿ ನಿಧಿಗೆ ಬಲಗಡೆ ಅದರದೇ ಹೆಸರಿನ ಠೇವಣಿ ಇದೆಯೇ ಎಂದು ಬೆರಳಿಟ್ಟು ನೋಡಿ. ನಿಧಿ 4,40,000, ಅದರ ಠೇವಣಿ 2,90,000 ಎಂದಿದ್ದರೆ ನಡುವಿನ 1,50,000 ಎಲ್ಲೋ ಹೋಗಿದೆ. ಎರಡು ಕಡೆ ಹುಡುಕಿ. ಒಂದು, ಮೇಂಟೆನೆನ್ಸ್ ಸಾಲದೆ ದಿನದ ಖರ್ಚಿಗೆ ಬಳಕೆಯಾಗಿರಬಹುದು. ಇನ್ನೊಂದು, ಬಿಲ್ ಕಳಿಸಿದಾಗಲೇ ನಿಧಿಗೆ ಜಮೆ ಬರೆದು, ಸದಸ್ಯರು ಕೊಡದೇ ಬಾಕಿ ಉಳಿದಿರಬಹುದು. ನಾಲ್ಕು ಮನೆಯವರು ಹತ್ತು ತಿಂಗಳು 775 ಕೊಡದಿದ್ದರೆ ಅಲ್ಲೇ 31,000 ಕಾಣೆ.

ನಾವು ಮಾಡುವುದು ಹೀಗೆ. ರಸೀದಿಯಲ್ಲಿ ಮೂರು ಸಾಲು ಇರುತ್ತದೆ, ಮೇಂಟೆನೆನ್ಸ್ 1,800, ಸಿಂಕಿಂಗ್ ಫಂಡ್ 775, ಮೀಸಲು 200. ಮೂರಕ್ಕೂ ಮೂರು ಉಳಿತಾಯ ಖಾತೆ. ಪ್ರತಿ ತಿಂಗಳ ಹತ್ತನೇ ತಾರೀಖಿನೊಳಗೆ ಬಂದ ಹಣ ಆಯಾ ಖಾತೆಗೆ ಹೋಗುತ್ತದೆ. ಸಿಂಕಿಂಗ್ ಫಂಡಿನ ಠೇವಣಿಗಳ ಅವಧಿಯನ್ನು ಕೆಲಸದ ವರ್ಷಕ್ಕೆ ಹೊಂದಿಸುತ್ತೇವೆ. ಬಣ್ಣದ ಹಣ ನಾಲ್ಕನೇ ವರ್ಷ ಬೇಸಿಗೆಗೆ ಮುಂಚೆ ಕೈಗೆ ಬರಬೇಕು, ಜೂನ್‌ನಲ್ಲಿ ಬಂದರೆ ಮಳೆಗೆ ಬಣ್ಣ ಹೊಡೆಯಲಾಗದು. ಮೀಸಲಿನದು ಉದ್ದ ಅವಧಿಗೆ ಕಟ್ಟಿಹಾಕುವುದಿಲ್ಲ, ಆಪತ್ತು ಬ್ಯಾಂಕಿನ ರಜೆ ನೋಡಿ ಬರುವುದಿಲ್ಲ. ಒಂದಷ್ಟು ಉಳಿತಾಯದಲ್ಲಿ, ಉಳಿದದ್ದು ಅವಧಿಗೆ ಮುಂಚೆ ಮುರಿಯಬಹುದಾದ ಸಣ್ಣ ಸಣ್ಣ ಠೇವಣಿಗಳಲ್ಲಿ. ಯಾವ ಠೇವಣಿಯ ಬಡ್ಡಿಯೋ ಆ ನಿಧಿಗೇ ಜಮೆ.

ಒಂದೇ ಬ್ಯಾಂಕಿನಲ್ಲಿ ಎಲ್ಲವನ್ನೂ ಇಡಬೇಡಿ. ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ. ಮೂರು ಖಾತೆ ಇದ್ದರೂ ಹೆಸರು ಸಂಘದ್ದೇ, ಆದ್ದರಿಂದ ಎಲ್ಲ ಸೇರಿ ಒಂದೇ ಮಿತಿ. ಬಡ್ಡಿಯ ಮೇಲೆ ತೆರಿಗೆ ಇಲ್ಲ, ನಾವು ಲಾಭದ ಸಂಸ್ಥೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಸದಸ್ಯರು ಪರಸ್ಪರ ಹಾಕಿಕೊಂಡ ಹಣಕ್ಕೆ ಆ ವಾದ ಸರಿ. ಬ್ಯಾಂಕು ಕೊಡುವ ಬಡ್ಡಿಗೆ ಅದು ಅನ್ವಯಿಸದು ಎಂದು ಬೆಂಗಳೂರು ಕ್ಲಬ್ಬಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ.

ಐದನೆಯದು: ಬೀಗದ ಕೈ ಯಾರ ಹತ್ತಿರ

ಸಿಂಕಿಂಗ್ ಫಂಡಿನಿಂದ ತೆಗೆಯಲು ಮಹಾಸಭೆಯ ಠರಾವು ಬೇಕು, ಪಟ್ಟಿಯಲ್ಲಿರುವ ಮೂರು ವಸ್ತುಗಳಿಗೆ ಮಾತ್ರ. ಲಿಫ್ಟಿನ ಬಾಗಿಲು ರಿಪೇರಿಗೂ ಇದರಿಂದ ಇಲ್ಲ, ಅದು ಮೇಂಟೆನೆನ್ಸ್. ಮೀಸಲಿನಿಂದ ಒಂದು ಲಕ್ಷದವರೆಗೆ ಸಮಿತಿಯೇ ತೆಗೆಯಬಹುದು, ಮೂವತ್ತು ದಿನದೊಳಗೆ ಯಾತಕ್ಕೆ ಎಷ್ಟು ಎಂದು ಸೂಚನಾ ಫಲಕದಲ್ಲಿ ಹಾಕಬೇಕು. ಅರ್ಧ ರಾತ್ರಿ ಗೋಡೆ ಬಿದ್ದರೆ ಮಹಾಸಭೆ ಕರೆಯುತ್ತಾ ಕೂರಲಾಗುವುದಿಲ್ಲ.

ಮೀಸಲು ತುಂಬುವ ಮುಂಚೆಯೇ ದೊಡ್ಡ ಆಪತ್ತು ಬಂದರೆ? ಬರಬಹುದು, ನಾಲ್ಕು ಮಳೆಗಾಲ ಇದೆ. ಆಗ ಸಿಂಕಿಂಗ್ ಫಂಡಿನಿಂದ ಪಡೆಯಲೇಬೇಕಾದರೆ ಅದನ್ನು ಖರ್ಚು ಎಂದು ಬರೆಯಬಾರದು, ಸಾಲ ಎಂದು ಬರೆಯಬೇಕು. ಮೀಸಲು ನಿಧಿ ಸಿಂಕಿಂಗ್ ಫಂಡಿಗೆ ಇಷ್ಟು ಕೊಡಬೇಕು, ಹನ್ನೆರಡು ತಿಂಗಳಲ್ಲಿ ಮನೆಗೆ ಇಷ್ಟರಂತೆ ವಸೂಲು ಮಾಡಿ ತೀರಿಸಬೇಕು ಎಂದು ಅದೇ ಠರಾವಿನಲ್ಲಿ ಇರಬೇಕು. ಗೋಡೆಯ 3,60,000ವನ್ನು ಹಾಗೆ ಬರೆದಿದ್ದರೆ ಆವತ್ತೇ ಮನೆಗೆ ತಿಂಗಳಿಗೆ 1,250ರಂತೆ ಒಂದು ವರ್ಷ ಕೊಡಬೇಕಾಗುತ್ತಿತ್ತು. ಗೊಣಗುತ್ತಿದ್ದೆವು, ಆದರೆ ಕೊಡುತ್ತಿದ್ದೆವು.

ಮೂರನೇ ಮಹಡಿಯ ಅಮ್ಮನವರು ಮನೆ ಮಾರಿದರೆ ತಾವು ಕಟ್ಟಿದ ಸಿಂಕಿಂಗ್ ಫಂಡ್ ವಾಪಸು ಬರುತ್ತದೆಯೇ ಎಂದು ಕೇಳಿದ್ದಾರೆ. ಬರುವುದಿಲ್ಲ ಅಮ್ಮ. ಹದಿಮೂರು ವರ್ಷ ನೀವು ಹತ್ತಿ ಇಳಿದು ಸವೆಸಿದ ಲಿಫ್ಟಿನ ಪಾಲು ಅದು, ಕಟ್ಟಡದ ಜೊತೆಗೇ ಇರುತ್ತದೆ. ಕೊಳ್ಳುವವರ ಜೊತೆ ಚೌಕಾಸಿ ಮಾಡುವಾಗ ಮಾತ್ರ ತಖ್ತೆ ತೋರಿಸಿ, ಈ ಕಟ್ಟಡದಲ್ಲಿ ಲಿಫ್ಟಿನ ಹಣ ಬೇರೆಯಾಗಿ ಇದೆ ಎಂದು ಹೇಳಬಹುದು. ಬಾಡಿಗೆಗೆ ಕೊಟ್ಟವರೂ ಕೇಳಿಸಿಕೊಳ್ಳಿ: ಮೇಂಟೆನೆನ್ಸನ್ನು ಬಾಡಿಗೆದಾರರಿಂದ ಕೊಡಿಸುವುದು ನಿಮ್ಮ ಒಪ್ಪಂದ, ಸಿಂಕಿಂಗ್ ಫಂಡ್ ಮಾತ್ರ ಮಾಲೀಕರೇ ಕೊಡಬೇಕಾದದ್ದು. ಅದರಿಂದ ಉಳಿಯುವ ಆಸ್ತಿ ನಿಮ್ಮದು.

ಠರಾವು ಓದುತ್ತೇನೆ. ‘ಏಪ್ರಿಲ್ ಒಂದರಿಂದ ನಿಧಿ ಎಂಬ ತಲೆಬರಹವನ್ನು ರದ್ದುಪಡಿಸಿ, ಅದರಲ್ಲಿರುವ 4,40,000 ರೂಪಾಯಿಯನ್ನು ಸಿಂಕಿಂಗ್ ಫಂಡಿಗೂ, ಉಳಿತಾಯ ಖಾತೆಯ 80,000 ರೂಪಾಯಿಯನ್ನು ಮೀಸಲು ನಿಧಿಗೂ ವರ್ಗಾಯಿಸುವುದು. ಮನೆಯೊಂದಕ್ಕೆ ಮಾಸಿಕ ಕ್ರಮವಾಗಿ 775 ಮತ್ತು 200 ರೂಪಾಯಿ ಸಂಗ್ರಹಿಸುವುದು. ಎರಡೂ ನಿಧಿಗಳ ಠೇವಣಿ ವಿವರವನ್ನು ತಖ್ತೆಯಲ್ಲಿ ಎದುರುಬದುರು ತೋರಿಸುವುದು.’ ಸೂಚಕರು, ಅನುಮೋದಕರು ಕೈ ಎತ್ತಿ, ಕಾರ್ಯದರ್ಶಿಗಳು ಹೆಸರು ಬರೆದುಕೊಳ್ಳುತ್ತಾರೆ. ರಾಯರೇ, ನೀವು ಎತ್ತಿದ್ದು ಅನುಮೋದನೆಗೋ, ಇನ್ನೊಂದು ಪ್ರಶ್ನೆಗೋ?